ಗೌರಿ ನಿಲ್ಲಲಿಲ್ಲ

ಅಮ್ಮಮ್ಮನ ಟ್ರಂಕಿನ ತಳದಲ್ಲಿ ಆ ಫೋಟೋ ಸಿಕ್ಕಿತು. ಹೆಂಚಿನ ಮನೆ, ಅಂಗಳ, ಸೆಟೆದು ನಿಂತ ಏಳು ಜನ. ಒಬ್ಬರೂ ನಕ್ಕಿಲ್ಲ.

ಪುಟ್ಟಿ ತಿರುಗಿಸಿ ನೋಡಿದಳು. ಹಿಂದೆ ಮಾಸಿದ ನೀಲಿ ಶಾಯಿಯಲ್ಲಿ ಕೂಡು ಅಕ್ಷರ. ಮೊದಲು ಇಸವಿ: ೧೯೬೩. ಕನ್ನಡ ಅಂಕಿ ಅವಳಿಗೆ ಸ್ವಲ್ಪ ಕಷ್ಟವೇ. ಮಗ್ಗಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೊಂದಿಸಿದಳು. 1963!

ಆಮೇಲಿನ ಸಾಲು, 'ಮನೆ ಬಿಡುವ ಮುಂಚೆ.' ಕೊನೆಯ ಸಾಲಿನ ಮೇಲೆ ಅಂಟಿನ ಕಲೆ. 'ಗೌ... ನಿಲ್ಲಲಿಲ್ಲ.' ಬೆಳಕಿಗೆ ಹಿಡಿದಳು. ಗೌರಿ!

"ಅಮ್ಮಮ್ಮಾ, ಗೌರಿ ಅಂದ್ರೆ ನಿಮ್ಮ ಅಕ್ಕನಾ? ಯಾಕೆ ನಿಲ್ಲಲಿಲ್ಲ? ಸಿಟ್ಟಾ?"

ಅಮ್ಮಮ್ಮ ನಕ್ಕಿದ್ದಕ್ಕೆ ಕನ್ನಡಕ ಜಾರಿತು. "ನಮ್ಮ ಹಸು ಕಣೇ! ಅದೂ ಫೋಟೋದಲ್ಲಿ ಬರಬೇಕು ಅಂತ ಅಪ್ಪಯ್ಯನ ಹಟ."

ಪುಟ್ಟಿ ಭೂತಗನ್ನಡಿ ತಂದಳು. ಬಲಗಡೆ ಅಂಚಿನಲ್ಲಿ, ಕಂಬದ ಹಿಂದೆ, ಬಾಲದ ತುದಿ. ಅಷ್ಟೇ.

"ಈ ಮನೆ ಈಗ ಎಲ್ಲಿದೆ?"

"ನೀರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರಲ್ಲ, ಶರಾವತಿ ಹಿನ್ನೀರು ಬಂತು. ನಾವು ಸಾಗರದ ಕಡೆ ಬಂದೆವು. ಗೌರಿ ಮಾತ್ರ ಎರಡು ಸಲ ಹಗ್ಗ ಕಿತ್ಕೊಂಡು ವಾಪಸ್ ಹೋಗಿತ್ತು, ಖಾಲಿ ಕೊಟ್ಟಿಗೆಗೆ. ಅಪ್ಪಯ್ಯ ಹೋಗಿ ಕರ್ಕೊಂಡು ಬಂದರು."

"ಮೂರನೇ ಸಲ?"

"ಅಷ್ಟರಲ್ಲಿ ದಾರಿನೇ ಮುಳುಗಿತ್ತು."

ಪುಟ್ಟಿ ಪೆನ್ಸಿಲ್ ತಗೊಂಡು, ಹಿಂದೆ ಸಣ್ಣದಾಗಿ ಬರೆದಳು: 'ಬಾಲ ಇದೆ.'