ಅವ್ವನ ಮನೆ ಮಂದಿ

ಅಣ್ಣ: ಪಂಚಮಿ ಹಿಂದಿನ ದಿನ ಬೆಳಿಗ್ಗೆನೇ ಧಾರವಾಡ ಬಿಡ್ತೀನಿ. ಲೈನ್ ಬಜಾರಿನಲ್ಲಿ 2 ಕೆಜಿ ಪೇಢೆ ತಗೊಂಡೇ ರೈಲು ಹತ್ತೋದು.

ತಂಗಿ: ಅಷ್ಟೂ ಗದಗಕ್ಕೆ ಬಂದು ಮುಟ್ಟುತ್ತಾ ಅಣ್ಣಾ? ಹೋದ ವರ್ಷ ಅಣ್ಣಿಗೇರಿ ದಾಟೋದರೊಳಗೆ ಒಂದು ಡಬ್ಬಿ ಖಾಲಿ ಆಗಿತ್ತು, ನೀನು ಇಳಿದಾಗ ಮೀಸೆ ತುಂಬಾ ಸಕ್ಕರೆ ಪುಡಿ 😄

ಅಣ್ಣ: ಪಕ್ಕದಲ್ಲಿ ಕೂತಿದ್ದ ಅಜ್ಜಗೂ ಕೊಟ್ಟಿದ್ದೆ. ಎರಡು.

ಅಕ್ಕ: ಉಳಿದಿದ್ದು ರೈಲು ತಿಂತಾ?

ಅಣ್ಣ: ಅಕ್ಕಾ, ನೀನು ಶೇಂಗಾ ಉಂಡಿ ಗಟ್ಟಿ ಮಾಡಬೇಡ. ಹೋದ ಸಲದ್ದು ಒಡೆಯೋಕೆ ಒಳ್ಳು ಕೇಳಿದ್ರು ನನ್ನ ಮಕ್ಕಳು.

ಅಕ್ಕ: ಆದ್ರೂ ಹನ್ನೊಂದು ತಿಂದ್ಯಲ್ಲೋ! ಈ ಸಲ ಬೆಲ್ಲದ ಪಾಕ ಇನ್ನೂ ಎಳೇದು ಇರುವಾಗಲೇ ಇಳಿಸ್ತೀನಿ, ಅವ್ವನ ಹಲ್ಲಿಗೂ ಆಗಬೇಕಲ್ವಾ.

ತಂಗಿ: ಹಂಚೋದು ಮಾತ್ರ ಅಣ್ಣ ಬೇಡ, ಯಾಕಂದ್ರೆ ಆವಾಗ ಹೊಲ

ತಂಗಿ: ಈ ಮೆಸೇಜ್ ಅಳಿಸಲಾಗಿದೆ

ತಂಗಿ: ಅಣ್ಣಾ, ಸುಮ್ನೆ ಬೆರಳು ಓಡಿಬಿಡ್ತು. ಅದು ಬೇಡ. ತಪ್ಪಾಯ್ತು.

ಅಣ್ಣ: ನಾನು ಓದಿಲ್ಲ ಬಿಡು ಪುಟ್ಟಿ. ಹಾವೇರಿಯಿಂದ ಬರುವಾಗ ಏಲಕ್ಕಿ ತಾ. ಜೋಕಾಲಿ ನಾನೇ ಕಟ್ತೀನಿ, ಮೊದಲ ಜೀಕು ನಿಂದು.

ತಂಗಿ: ಹಗ್ಗ ಗಟ್ಟಿ ನೋಡಿ ಕಟ್ಟು, ನಿನಗಿಂತ ಮೊದಲು ನಾನು ಹತ್ತೋದು ಅದಕ್ಕೇ 😄

ಅಕ್ಕ: ನಿಂದೂ ತೂಕ ಏನು ಕಮ್ಮಿ ಇಲ್ಲ, ಬಾ! ಅವ್ವ ಕೇಳ್ತಿದ್ದಾಳೆ, ಅಣ್ಣಗೆ ಎಷ್ಟು ರೊಟ್ಟಿ ಬಡೀಲಿ ಅಂತ.

ಅಣ್ಣ: ನಾಲ್ಕು ಸಾಕು.

ಅಕ್ಕ: ಎಂಟು ಅಂತ ಹೇಳಿದೆ.