ಮಡಿಕೇರಿ ವಿಚಾರ ಸಂಕಿರಣ: ಪ್ರಬಂಧ ಆಹ್ವಾನದ ಪಟ್ಟಿ

ಅಕ್ಕ, ನೀವು ಕಳಿಸಿದ ಪೋಸ್ಟರ್ ಫೋಟೊ ಎರಡನ್ನೂ, ಕನ್ನಡ ಪುಟ, ಇಂಗ್ಲಿಷ್ ಪುಟ ಎರಡೂ ಓದಿದೆ. ನೋಟಿಸ್ ಬೋರ್ಡಿನ ಗಾಜಿನ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದು ಒಂದೆರಡು ಕಡೆ ಅಕ್ಷರ ಅಳಿಸಿದ ಹಾಗಿದೆ, ಉಳಿದದ್ದು ಸ್ಪಷ್ಟ. ನಕ್ಷತ್ರ ಹಾಕಿದ ಕಡೆ ಅಂಕೆ ಸರಿಯಾಗಿ ಕಾಣಲಿಲ್ಲ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

| ವಿಷಯ | ಪೋಸ್ಟರ್‌ನಲ್ಲಿ ಇರುವುದು |
|---|---|
| ಉಪವಿಷಯ 1 | ದೇವರಕಾಡು, ಊರಿನ ಕಟ್ಟುಪಾಡು, ಸಂರಕ್ಷಣೆ |
| ಉಪವಿಷಯ 2 | ಜಮ್ಮಾ ಭೂಮಿ, ಬಾಣೆ, ಒಡೆತನದ ಪ್ರಶ್ನೆಗಳು |
| ಉಪವಿಷಯ 3 | ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ: ಮೌಖಿಕ ಪರಂಪರೆ |
| ಉಪವಿಷಯ 4 | ಕಾಫಿ ತೋಟ, ಕಾರ್ಮಿಕರು, ವಲಸೆ |
| ಉಪವಿಷಯ 5 | 2018ರ ಭೂಕುಸಿತ ಮತ್ತು ಪುನರ್ವಸತಿ |
| ಸಾರಾಂಶ ಕಳಿಸಲು ಕೊನೆ ದಿನ | 25 ಸೆಪ್ಟೆಂಬರ್ 2026, ಶುಕ್ರವಾರ |
| ಒಪ್ಪಿಗೆ ತಿಳಿಸುವ ದಿನ | 5 ಅಕ್ಟೋಬರ್, ಸೋಮವಾರ |
| ನೋಂದಣಿ ಶುಲ್ಕಕ್ಕೆ ಕೊನೆ ದಿನ | 31 ಅಕ್ಟೋಬರ್. ಆಮೇಲೆ 200 ರೂ. ದಂಡ |
| ಪೂರ್ಣ ಪ್ರಬಂಧಕ್ಕೆ ಕೊನೆ ದಿನ | 13* ನವೆಂಬರ್, ಶುಕ್ರವಾರ |
| ಸಂಕಿರಣ | 11 ಮತ್ತು 12 ಡಿಸೆಂಬರ್, ಮಡಿಕೇರಿ |
| ಸಾರಾಂಶ | 300 ಪದ, 5 ಕೀಲಿಪದ. ಕನ್ನಡ ಅಥವಾ ಇಂಗ್ಲಿಷ್ |
| ಪೂರ್ಣ ಪ್ರಬಂಧ | ಕನ್ನಡ ಪುಟದಲ್ಲಿ 3,000 ಪದ, ಇಂಗ್ಲಿಷ್ ಪುಟದಲ್ಲಿ 4,000 ಪದ |
| ಫೈಲ್ | `.docx` ಮಾತ್ರ, ಕನ್ನಡಕ್ಕೆ ಯುನಿಕೋಡ್, ಉಲ್ಲೇಖ ಎಪಿಎ 7ನೇ ಆವೃತ್ತಿ |
| ಮಂಡನೆ | 15 ನಿಮಿಷ. ಆನ್‌ಲೈನ್ ಅವಕಾಶ ಹೊರರಾಜ್ಯದವರಿಗೆ ಮಾತ್ರ |
| ನೋಂದಣಿ ಶುಲ್ಕ | ಸಂಶೋಧನಾರ್ಥಿ 800, ಅಧ್ಯಾಪಕರು 1,500, ಕೇಳಲು ಬರುವವರು 300 ರೂ. |
| ಪ್ರಕಟಣೆ ಶುಲ್ಕ | ಒಂದು ಪ್ರಬಂಧಕ್ಕೆ 1,200 ರೂ., ಆಯ್ಕೆಯಾದರೆ ಮಾತ್ರ |

ನಕ್ಷತ್ರದ ಕತೆ ಇದು. ಬೆಳಕು ಬಿದ್ದ ಜಾಗದಲ್ಲಿ 13 ಅಂತಲೂ ಓದಬಹುದು, 18 ಅಂತಲೂ ಓದಬಹುದು. ಪಕ್ಕದಲ್ಲಿ ಮಾತ್ರ ಶುಕ್ರವಾರ ಅಂತ ಚೆನ್ನಾಗಿ ಕಾಣುತ್ತೆ. ಕ್ಯಾಲೆಂಡರ್ ತೆಗೆದು ನೋಡಿದೆ, ಆ ನವೆಂಬರ್ 18 ಬುಧವಾರ, 13 ಶುಕ್ರವಾರ. ಹಾಗಾಗಿ 13 ಅಂತಲೇ ಇಟ್ಟುಕೊಳ್ಳಿ. ಐದು ದಿನ ಜಾಸ್ತಿ ಇದೆ ಅಂದ್ಕೊಂಡು ಕೂತರೆ ಕಷ್ಟ.

ಪದಗಳ ಲೆಕ್ಕದಲ್ಲಿ ಅವರ ಎರಡು ಪುಟಕ್ಕೇ ಹೊಂದಾಣಿಕೆ ಇಲ್ಲ. ಯಾವುದೋ ಹಳೇ ಪೋಸ್ಟರ್ ಮೇಲೆ ತಿದ್ದಿರಬೇಕು. ನೀವು 3,000ದ ಒಳಗೇ ಮುಗಿಸಿ, ಯಾವ ಪುಟ ನೋಡಿದರೂ ತೊಂದರೆ ಇಲ್ಲ. ಉಲ್ಲೇಖ ಪಟ್ಟಿಯೂ ಈ ಲೆಕ್ಕಕ್ಕೆ ಸೇರುತ್ತೆ ಅಂತ ಇಂಗ್ಲಿಷ್ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ.

ಶುಲ್ಕದಲ್ಲಿ ಒಂದು ಸಿಕ್ಕು ಇದೆ. ನೋಂದಣಿ ಪ್ರತಿ ಲೇಖಕರಿಗೂ ಬೇರೆ ಬೇರೆ. ನೀವೊಬ್ಬರೇ ಬರೆದರೆ ಪ್ರಕಟಣೆಯೂ ಸೇರಿ 2,000 ರೂ. ನಿಮ್ಮ ಗೈಡ್ ಹೆಸರೂ ಹಾಕಿದರೆ 3,500 ಆಗುತ್ತೆ. ಅವರು ಸಂಕಿರಣಕ್ಕೆ ಬರದಿದ್ದರೂ ಕಟ್ಟಲೇಬೇಕು. ಸಾರಾಂಶ ಕಳಿಸುವ ಮೊದಲೇ ಅವರ ಹತ್ತಿರ ಕೇಳಿಬಿಡಿ, ಆಮೇಲೆ ಹೆಸರು ತೆಗೆಯೋದು ಮುಜುಗರ. ಒಪ್ಪಿಗೆ ಬರುವ ತನಕ ದುಡ್ಡು ಮಾತ್ರ ಕಟ್ಟಬೇಡಿ. ವಾಪಸ್ ಕೊಡಲ್ಲ ಅಂತ ಬರೆದಿದ್ದಾರೆ.

ಪೋಸ್ಟರ್ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಯುಜಿಸಿ-ಕೇರ್ ಪಟ್ಟಿಯ ಪತ್ರಿಕೆಯಲ್ಲಿ ಪ್ರಕಟಣೆ' ಅಂತಿದೆ. ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ಕೈಬಿಟ್ಟಿದೆ. ಈಗಲೂ ಅದನ್ನೇ ಹಾಕಿಕೊಂಡಿದ್ದಾರೆ ಅಂದರೆ ಸ್ವಲ್ಪ ಹುಷಾರಾಗಿರಬೇಕು, ಅಲ್ವಾ? ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ ಸಂಖ್ಯೆ ಎರಡೂ ಕೇಳಿ ತಿಳಿದುಕೊಂಡ ಮೇಲೆ 1,200ರ ಮಾತು. ಪಿಎಚ್‌ಡಿಗೆ ಲೇಖನ ಪ್ರಕಟವಾಗಿರಲೇಬೇಕು ಅನ್ನೋದನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಇನ್ನೂ ಕೇಳುತ್ತಾ ಅಂತ ನೋಡಿ. ಕೇಳಲ್ಲ ಅಂದರೆ ಸುಮ್ನೆ ಮಂಡನೆ ಮಾಡಿ ಬಂದರೂ ಸಾಕು.

ಉಪವಿಷಯ 1 ಮತ್ತು 3 ಎರಡೂ ನಿಮಗೆ ಹೊಂದುತ್ತವೆ. ನನ್ನ ಕೇಳಿದರೆ 3ಕ್ಕೆ ಹೋಗಿ. ದೇವರಕಾಡು ಅಂದ ಕೂಡಲೇ ಅರಣ್ಯಶಾಸ್ತ್ರದವರೆಲ್ಲ ಮರದ ಲೆಕ್ಕ ಹಿಡಿದು ಬರುತ್ತಾರೆ. ನಿಮ್ಮ ಹತ್ತಿರ ಇರುವುದು ಕಾಡಿನ ಹಬ್ಬದ ಹಾಡುಗಳು, ತಕ್ಕರು ಹೇಳಿದ ಮಾತುಗಳು. ಅದನ್ನು ಕೂತು ಕೇಳುವವರು 3ರಲ್ಲೇ ಜಾಸ್ತಿ ಸಿಗುತ್ತಾರೆ.

ನಿಮ್ಮ ಹಳೇ ಅಧ್ಯಾಯಗಳೆಲ್ಲ ನುಡಿಯ ಆಸ್ಕಿ ಅಕ್ಷರದಲ್ಲಿವೆ, ಯುನಿಕೋಡ್‌ಗೆ ಬದಲಾಯಿಸಲೇಬೇಕು. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದೇ ನೋಡಿ. 'ವರ್ಷ', 'ಸೂರ್ಯ' ಇಂಥವೇ ಕೆಡೋದು. ಕೊಡವ ತಕ್ಕಿನ ಸಾಲುಗಳನ್ನು ನೀವೇ ಓದಬೇಕು, ನನಗೆ ತಪ್ಪು ಗೊತ್ತಾಗಲ್ಲ.

ಡಿಸೆಂಬರ್ 11 ಅಂದರೆ ಮನೆಯಲ್ಲಿ ಅರೇಬಿಕಾ ಕುಯ್ಲು ಜೋರಾಗಿರುತ್ತೆ, ಆನ್‌ಲೈನ್ ಮಂಡನೆಯೂ ನಿಮಗೆ ಸಿಗಲ್ಲ. ಅಣ್ಣನಿಗೆ ಈಗಲೇ ಹೇಳಿಡಿ. ಮೇಲ್ ವಿಳಾಸವನ್ನು ಫೋಟೊ ನೋಡಿಕೊಂಡೇ ಟೈಪ್ ಮಾಡಿ, ಮಧ್ಯದಲ್ಲಿ ಇರೋದು ಅಂಡರ್‌ಸ್ಕೋರ್, ಹೈಫನ್ ಅಲ್ಲ. ಸಾರಾಂಶ ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಪದ ಎಣಿಸಿ ಕೊಡ್ತೀನಿ.