17ಕ್ಕೆ ಬರಲು ಆಗುವುದಿಲ್ಲ ಸರ್, ಆದರೆ 3ಬಿ ಇಲ್ಲಿಂದಲೇ ಮುಗಿಸಿಕೊಡುತ್ತೇನೆ

ಸರ್,

ಮಧ್ಯಾಹ್ನ ನೀವು ಫೋನ್ ಮಾಡಿದಾಗ ಅಡಿಕೆ ಬೇಯಿಸುವ ಹಂಡೆ ಮುಂದೆ ಇದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಈಗ ನೇರವಾಗಿ ಹೇಳಿಬಿಡುತ್ತೇನೆ. ಬುಧವಾರ 17ಕ್ಕೆ ಬೆಂಗಳೂರಿಗೆ ಬರಲು ಆಗುವುದಿಲ್ಲ. ನೀವು ಒಪ್ಪಿದ ರಜೆ 24ರವರೆಗೆ ಇದ್ದ ಹಾಗೇ ಇರಲಿ. ನವೆಂಬರಿನ ಜಿಎಸ್‌ಟಿ ರಿಟರ್ನ್ 3ಬಿ ಮಾತ್ರ 20ರೊಳಗೆ ಹೋಗಲೇಬೇಕು, ಅದು ನನಗೂ ಗೊತ್ತು.

ಅಪ್ಪ ಕಾಲು ಮುರಿದುಕೊಂಡ ವಿಷಯ ನಿಮಗೆ ಹೇಳಿದ್ದೆ. ರಾಡ್ ಹಾಕಿದ್ದಾರೆ, ಇನ್ನೂ ಮಂಚ ಬಿಟ್ಟು ಎದ್ದಿಲ್ಲ. ಅದಕ್ಕೇ ಈ ಸಲ ಕೊಯ್ಲು ನನ್ನ ತಲೆ ಮೇಲೆ ಬಂತು. ನಮ್ಮ ಕಡೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ, ನಮಗೆ ಸಿಕ್ಕಿರುವುದು 13ರಿಂದ 22ರವರೆಗೆ, ಆಮೇಲೆ ಅವರು ಬೇರೆ ತೋಟಕ್ಕೆ ಮಾತು ಕೊಟ್ಟಿದ್ದಾರೆ. ಕೊನೆ ಇಳಿಸಿದರೆ ಮುಗಿಯಿತು ಅಂತಲ್ಲ ಸರ್, ಸುಲಿಯಬೇಕು, ಸುಲಿದದ್ದನ್ನು ತಡಮಾಡದೆ ಬೇಯಿಸಬೇಕು, ಬೆಂದದ್ದನ್ನು ಬಿಸಿಲಿಗೆ ಹರವಬೇಕು, ಸಂಜೆ ಮೋಡ ಕಂಡರೆ ಓಡಿ ಹೋಗಿ ಮುಚ್ಚಬೇಕು. ಸುಲಿದ ಅಡಿಕೆ ಸುಮ್ನೆ ಬಿದ್ದಿದ್ದರೆ ಬಣ್ಣ ಕೆಡುತ್ತದೆ, ರೇಟು ಬಿದ್ದುಹೋಗುತ್ತದೆ. ನಮ್ಮ ಮನೆಗೆ ವರ್ಷದ ದುಡ್ಡು ಬರುವುದು ಇದೊಂದರಿಂದಲೇ. ಅಮ್ಮ ಒಬ್ಬರೇ ಅಪ್ಪನನ್ನೂ ನೋಡಿಕೊಂಡು, ಹನ್ನೆರಡು ಜನ ಆಳುಗಳಿಗೂ ಅಡುಗೆ ಮಾಡಿ, ಇದನ್ನೂ ನಿಭಾಯಿಸಲಿ ಅಂತ ಬಿಟ್ಟು ಬರುವುದು ನನ್ನಿಂದ ಆಗುವುದಿಲ್ಲ.

ಇನ್ನು ಆಫೀಸಿನ ವಿಷಯ. ರಮ್ಯಾ ಕಳಿಸಿದ ಶೀಟ್ ಮೊಬೈಲಿನಲ್ಲೇ ಪೂರ್ತಿ ನೋಡಿದೆ. ನಮ್ಮ ಪರ್ಚೇಸ್ ರಿಜಿಸ್ಟರಿಗೂ ಪೋರ್ಟಲಿನಲ್ಲಿ ನಿನ್ನೆ ಬಂದ 2ಬಿಗೂ ಇರುವ ಟ್ಯಾಕ್ಸ್ ಕ್ರೆಡಿಟ್ ವ್ಯತ್ಯಾಸ 4,38,000. ಅದರಲ್ಲಿ 2,96,000 ಮೂರು ಪಾರ್ಟಿಗಳದ್ದು, ಮೂವರೂ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು, ನವೆಂಬರ್ ಬಿಲ್ಲುಗಳನ್ನು 13ರೊಳಗೆ ಐಎಫ್‌ಎಫ್‌ನಲ್ಲಿ ತೋರಿಸಿಲ್ಲ. ಉಳಿದ 1,42,000ದ ಪಾರ್ಟಿ ಇನ್ನೂ ಜಿಎಸ್‌ಟಿಆರ್-1 ಹಾಕೇ ಇಲ್ಲ. ಅವರು ತೋರಿಸುವವರೆಗೆ ನಾನು ನಿಮ್ಮ ಎದುರಿನ ಕುರ್ಚಿಯಲ್ಲೇ ಕೂತಿದ್ದರೂ ಆ ಕ್ರೆಡಿಟ್ ತೆಗೆದುಕೊಳ್ಳಲು ಬರುವುದಿಲ್ಲ. ಹಣ ಎಲ್ಲೂ ಹೋಗಿಲ್ಲ ಸರ್. ಅವರು ಜನವರಿಯಲ್ಲಿ ಹಾಕಿದರೆ 14ರ 2ಬಿಯಲ್ಲಿ ಬರುತ್ತದೆ, ಡಿಸೆಂಬರಿನ 3ಬಿಯಲ್ಲಿ ತೆಗೆದುಕೊಳ್ಳೋಣ. ಈ ತಿಂಗಳು ಅಷ್ಟು ಹಣ ಕೈಯಿಂದ ಕಟ್ಟಬೇಕು, ನಿಜವಾದ ತಲೆಬಿಸಿ ಅದೇ. ಗುರುವಾರದೊಳಗೆ ಬ್ಯಾಂಕಿನಲ್ಲಿ ಆ ದುಡ್ಡು ಇರುವ ಹಾಗೆ ನೀವು ನೋಡಿಕೊಳ್ಳಬೇಕು. ತಡ ಮಾಡಿದರೆ ದಿನಕ್ಕೆ 50 ರೂಪಾಯಿ ದಂಡ ದೊಡ್ಡದಲ್ಲ, 18 ಪರ್ಸೆಂಟ್ ಬಡ್ಡಿ ಜಾಸ್ತಿಯಾಗುತ್ತದೆ.

ನಾನು ಹೀಗೆ ಮಾಡುತ್ತೇನೆ. ಮಂಗಳ, ಬುಧ, ಗುರು ಮೂರು ದಿನವೂ ರಾತ್ರಿ 8ರಿಂದ 10 ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಮನೆಯಲ್ಲಿ ಫೈಬರ್ ಇದೆ, ಕರೆಂಟ್ ಹೋದರೂ ಎರಡು ಗಂಟೆ ಯುಪಿಎಸ್ ಬರುತ್ತದೆ. ರಮ್ಯಾ ಮನೆಗೆ ಹೋಗುವ ಮುಂಚೆ ಟ್ಯಾಲಿ ಇರುವ ಸಿಸ್ಟಮ್ ಆನ್ ಮಾಡಿ ಎನಿಡೆಸ್ಕ್ ತೆರೆದಿಟ್ಟು ಹೋದರೆ ಸಾಕು. ಗುರುವಾರ ರಾತ್ರಿ 3ಬಿ ತುಂಬಿಸಿ, ಚಲನ್ ಮಾಡಿ ಇಟ್ಟಿರುತ್ತೇನೆ. ಶುಕ್ರವಾರ ಬೆಳಿಗ್ಗೆ ನೀವು ಹಣ ಕಟ್ಟಿ, ನಿಮ್ಮ ಡಿಎಸ್‌ಸಿ ಟೋಕನ್ ಹಾಕಿ ಫೈಲ್ ಮಾಡಿದರೆ ಆಯಿತು. ಟೋಕನ್ ನನ್ನ ಡ್ರಾಯರಿನಲ್ಲಿ ನೀಲಿ ಪೌಚಿನಲ್ಲಿದೆ, ಬೀಗದ ಕೈ ರಮ್ಯಾ ಹತ್ತಿರ ಇದೆ. ಅವತ್ತು 11ರಿಂದ 12 ನಾನು ಮನೆಯಲ್ಲೇ ಇದ್ದು ಫೋನ್ ಎತ್ತುತ್ತೇನೆ. 20ಕ್ಕೆ ಇಟ್ಟುಕೊಳ್ಳುವುದು ಬೇಡ, ಕೊನೇ ದಿನ ಪೋರ್ಟಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ.

ಜಿಎಸ್‌ಟಿಆರ್-9ಕ್ಕೆ 31ರವರೆಗೆ ಸಮಯ ಇದೆ. 26ಕ್ಕೆ ಬೆಳಿಗ್ಗೆ 8ಕ್ಕೇ ಆಫೀಸಿನಲ್ಲಿರುತ್ತೇನೆ, 28 ಭಾನುವಾರವೂ ಬರುತ್ತೇನೆ. ಆ ಭಾನುವಾರಕ್ಕಾಗಲಿ, ಈ ಮೂರು ರಾತ್ರಿಗಾಗಲಿ ಬದಲಿ ರಜೆ ಕೇಳುವುದಿಲ್ಲ. ಹಗಲು ಹೊತ್ತು ಮಾತ್ರ ನನ್ನನ್ನು ಬಿಟ್ಟುಬಿಡಿ. ರಮ್ಯಾ ಸೇರಿ ಎರಡೇ ತಿಂಗಳು, ಹೆದರಿದ್ದಾಳೆ, ಅವಳನ್ನು ಬೈಯಬೇಡಿ ಸರ್, ಎಂಟ್ರಿಗಳಲ್ಲಿ ಅವಳದೇನೂ ತಪ್ಪಿಲ್ಲ.

ಇದು ಆಗಬಹುದಾದರೆ ನಾಳೆ ಬೆಳಿಗ್ಗೆ 7ರೊಳಗೆ ಒಂದು ಮೆಸೇಜ್ ಹಾಕಿ. ಆ ನಾಲ್ಕು ಪಾರ್ಟಿಗಳ ಹತ್ತಿರ ಏನೇನು ಕೇಳಬೇಕು ಅಂತ ರಮ್ಯಾಗೆ ಹೇಳಿಯೇ ತೋಟಕ್ಕೆ ಇಳಿಯುತ್ತೇನೆ, ಕೆಳಗೆ ಹೋದ ಮೇಲೆ ಸಿಗ್ನಲ್ ಇರುವುದಿಲ್ಲ.

ಗಣಪತಿ
ಸೋಮವಾರ, ಡಿಸೆಂಬರ್ 15, ರಾತ್ರಿ 9:20